14ರಂದು ಹೊರಡಬೇಕಿದ್ದ ಹಸಿರು ಸೀರೆ

ಇಳಕಲ್ಲಿನ ಕೈಮಗ್ಗದ ಸೀರೆಗಳನ್ನು ನಾನು ಅಂಗಡಿಯಿಲ್ಲದೆ, ಮನೆಯಿಂದಲೇ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳುಹಿಸಿ ಮಾರುತ್ತೇನೆ. ಮೈಸೂರಿನಲ್ಲಿ ನೆಲೆಸಿರುವ, ವಿಜಯಪುರದ ಕಡೆಯ ಒಬ್ಬ ಗ್ರಾಹಕರು ಬಸುರಿ ಮಗಳ ಕುಬಸದ ಕಾರ್ಯಕ್ರಮಕ್ಕೆಂದು ಹಸಿರು ಒಡಲಿನ, ಗೋಮಿ ದಡಿಯ, ಕೆಂಪು ರೇಷ್ಮೆ ಸೆರಗಿನ ಹತ್ತಿ ಸೀರೆಯೊಂದನ್ನು ಹೇಳಿ ನೇಯಿಸಲು ಕೊಟ್ಟಿದ್ದರು. ಬೆಲೆ 4,200 ರೂಪಾಯಿ, ಮುಂಗಡ 1,500. ಆಗಸ್ಟ್ 14ರ ಗುರುವಾರ ಅಂಚೆಗೆ ಹಾಕುವುದಾಗಿ ನಾನು ಬರೆದು ಕೊಟ್ಟಿದ್ದೆ, ಕುಬಸವಿದ್ದದ್ದು 31ರ ಭಾನುವಾರ.

11ರ ಸೋಮವಾರ ಮಧ್ಯಾಹ್ನ ನೇಕಾರರ ಮನೆಗೆ ಹೋದಾಗ ಮಗ್ಗ ಖಾಲಿಯಿತ್ತು. ಶ್ರಾವಣದ ಮಳೆ ಬಿಟ್ಟೂಬಿಡದೆ ಹಿಡಿದಿದ್ದರಿಂದ ಗಂಜಿ ಕೊಟ್ಟ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲೆಳೆಗಳು, ಒಣಗಿರಲಿಲ್ಲ. "ಬಿಸಿಲ ಇಲ್ಲರಿ ಅಕ್ಕಾರ, ಹಸಿ ಹಾಸು ಮಗ್ಗಕ್ಕ ಏರಿಸಿದ್ರ ಎಳಿ ಕಡೀತಾವ" ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಬೇರೆ ಹಾಸಿನಿಂದ ಕತ್ತರಿಸಿ ಕೊಡುವ ದಾರಿಯೂ ಇಲ್ಲಿ ಇರುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಶುರುವಾಗುವುದರಿಂದ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಒಂದು ದಿನ ಬಿಸಿಲು ಬಿದ್ದರೆ ಸಾಕು, ಕೊಂಡಿಗೆ ಒಂದು ದಿನ, ನೇಯಲು ನಾಲ್ಕು ದಿನ, ಒಟ್ಟಿನಲ್ಲಿ 19ಕ್ಕೆ ಸೀರೆ ಕೈಗೆ ಬರಬಹುದು ಎಂಬುದು ಅವರ ಲೆಕ್ಕವಾಗಿತ್ತು.

ಓಣಿಯಲ್ಲಿ ನನ್ನಂತೆಯೇ ವ್ಯಾಪಾರ ಮಾಡುವ ಅಣ್ಣನವರೊಬ್ಬರು ಈ ವಿಷಯ ಕೇಳಿ, "ಕೊರಿಯರ್ ಆ್ಯಪಿನಾಗ ಲೇಬಲ್ ತಗದು ಟ್ರ್ಯಾಕಿಂಗ್ ನಂಬರ್ ಒಂದು ಕಳಿಸಿಬಿಡ್ರಿ, ನಾಕ ದಿನ ಸುಮ್ಮನಿರ್ತಾರ" ಎಂದರು. ಈ ಉಪಾಯ ಹೊಸದೇನಲ್ಲ. ಪೊಟ್ಟಣವನ್ನು ಕೊಡದೆಯೇ ಲೇಬಲ್ ತೆಗೆದರೂ ನಂಬರ್ ಹುಟ್ಟುತ್ತದೆ. ಆದರೆ ಗ್ರಾಹಕರು ಅದನ್ನು ದಿನಕ್ಕೆರಡು ಬಾರಿ ತೆರೆದು ನೋಡುತ್ತಾರೆ, ಪೊಟ್ಟಣವನ್ನು ಯಾರೂ ಒಯ್ದಿಲ್ಲವೆಂಬುದು ಅಲ್ಲಿ ಬರೆದೇ ಇರುತ್ತದೆ; ಮೂರನೆಯ ದಿನಕ್ಕೆ ಅವರು ಕೇಳುವುದು ಸೀರೆಯನ್ನಲ್ಲ, ಹಣವನ್ನು. ಹೀಗಾಗಿ ಆ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ನನಗೆ ಹೆಚ್ಚು ಯೋಚನೆಯಾದದ್ದು ಫೋನ್ ಮಾಡಬೇಕೋ, ಬರೆದು ಕಳುಹಿಸಬೇಕೋ ಎಂಬುದರ ಬಗ್ಗೆ. ಫೋನಿನಲ್ಲಿ ದನಿಯ ಮೆತ್ತನೆಯಿಂದ ಕೆಲಸವಾಗುತ್ತದೆಂದು ಬಹಳ ಮಂದಿ ನಂಬುತ್ತಾರೆ. ಆದರೆ ಕುಬಸದ ಸೀರೆಯನ್ನು ಬೇಡವೆನ್ನುವ ತೀರ್ಮಾನ ಆರ್ಡರ್ ಕೊಟ್ಟವರೊಬ್ಬರದೇ ಆಗಿರುವುದಿಲ್ಲ; ಮನೆಯವರು, ಬೀಗರು, ಅಕ್ಕತಂಗಿಯರು ಎಲ್ಲರೂ ಅದರಲ್ಲಿ ಮಾತಾಡುತ್ತಾರೆ. ನನ್ನ ದನಿಯನ್ನು ಅವರಾರೂ ಕೇಳಿರುವುದಿಲ್ಲ. ಫೋನಿನಲ್ಲಿ ನಾನು ಹೇಳಿದ್ದು ಆ ಮನೆಯಲ್ಲಿ ಸಂಜೆಯ ಹೊತ್ತಿಗೆ "ಇನ್ನೂ ನೇಯ್ದೇ ಇಲ್ಲವಂತೆ" ಎಂಬ ಒಂದು ಸಾಲಾಗಿ ಉಳಿಯುತ್ತದೆ. ಬರೆದದ್ದಾದರೆ ಹಾಗೆಯೇ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ನನ್ನನ್ನು ಅರಿಯದವರು ಓದಿದರೂ ಯಾವ ಸೀರೆ, ಎಷ್ಟು ಹಣ, ಯಾವ ದಿನ ಎಂಬುದು ತಿಳಿಯುವಂತೆ ಸಂದೇಶವಿರಬೇಕು, ಮಾತು ಬೇಕಿದ್ದರೆ ಆಮೇಲೆ ಎಂದು ನಿರ್ಧರಿಸಿದೆ.

ಬರೆಯುವ ಮೊದಲು ದಿನಗಳನ್ನು ಹಿಂದಿನಿಂದ ಎಣಿಸಿಕೊಂಡೆ. 31ಕ್ಕೆ ಕಾರ್ಯಕ್ರಮವೆಂದರೆ 29ಕ್ಕೆ ಸೀರೆ ಮುಟ್ಟಿದರೂ ನಡೆಯುತ್ತದೆ ಎಂದು ಮಾರುವವರಿಗೆ ಅನ್ನಿಸುತ್ತದೆ. ಉಡುವವರ ಲೆಕ್ಕ ಹಾಗಿರುವುದಿಲ್ಲ. ಫಾಲ್ ಹಚ್ಚಬೇಕು, ಪಿಕೋ ಮಾಡಿಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕುಪ್ಪಸ ಹೊಲಿಸಬೇಕು. ಹಬ್ಬದ ದಿನಗಳಲ್ಲಿ ದರ್ಜಿಗಳು ವಾರಕ್ಕೆ ಕಡಿಮೆ ಮಾತೇ ಆಡುವುದಿಲ್ಲ, ಅದರ ನಡುವೆ 27ಕ್ಕೆ ಗಣೇಶ ಚೌತಿಯೂ ಬಂದಿತ್ತು. ಅಂದರೆ ಅವರಿಗೆ ನಿಜವಾದ ಗಡುವು ದರ್ಜಿಯ ದಿನ, ಕುಬಸದ ದಿನವಲ್ಲ. ಇದನ್ನು ಕಂಡುಕೊಂಡ ಮೇಲೆ ಸಂದೇಶಕ್ಕೆ ಒಂದು ದಾರಿ ಸಿಕ್ಕಿತು. ಈ ಸೀರೆಯ ಕುಪ್ಪಸಕ್ಕೆಂದು ತರಿಸಿದ್ದ ಗುಳೇದಗುಡ್ಡದ ಖಣ ನನ್ನ ಕಪಾಟಿನಲ್ಲೇ ಇತ್ತು. ಸೀರೆಗಾಗಿ ಅದು ಕಾಯಬೇಕಾದ ಕಾರಣವೇನೂ ಇರಲಿಲ್ಲ. ಖಣ ಮೊದಲು ಹೋದರೆ ಹೊಲಿಗೆ ಶುರುವಾಗುತ್ತದೆ. ಫಾಲ್, ಪಿಕೋ, ಕುಚ್ಚುಗಳನ್ನು ಇಲ್ಲಿಯೇ ಮುಗಿಸಿ ಕಳುಹಿಸಿದರೆ ಸೀರೆ ಮುಟ್ಟಿದ ದಿನವೇ ಉಡಲು ಸಿದ್ಧವಾಗಿರುತ್ತದೆ.

ಅಂದು ಸಂಜೆ ನಾನು ಕಳುಹಿಸಿದ ಸಂದೇಶ ಹೀಗಿತ್ತು:

"ಅಕ್ಕಾ, ನಮಸ್ಕಾರ. ಕುಬಸಕ್ಕೆಂದು ನೀವು ಹೇಳಿದ ಹಸಿರು ಇಳಕಲ್ ಸೀರೆ (ಬೆಲೆ 4,200, ನಿಮ್ಮಿಂದ ಬಂದಿರುವ ಮುಂಗಡ 1,500) ಮಾತಿನಂತೆ 14ರಂದು ಹೊರಡುವುದಿಲ್ಲ. ಮಳೆಯಿಂದಾಗಿ ಗಂಜಿ ಕೊಟ್ಟ ಹಾಸು ಒಣಗಿಲ್ಲ, ನೇಯ್ಗೆ ಇನ್ನೂ ಆರಂಭವಾಗಿಲ್ಲ. ಇಂದು ಮಧ್ಯಾಹ್ನ ತೆಗೆದ ಹಾಸಿನ ಫೋಟೊ ಜೊತೆಗಿದೆ. 21ರ ಗುರುವಾರ ಸ್ಪೀಡ್ ಪೋಸ್ಟ್ ಮಾಡುತ್ತೇನೆ, 25ರೊಳಗೆ ನಿಮಗೆ ಮುಟ್ಟಬೇಕು. ಕುಪ್ಪಸದ ಖಣವನ್ನು ನಾಳೆಯೇ ಕಳುಹಿಸುತ್ತೇನೆ, ದರ್ಜಿಗೆ ಕೊಡಲು ತಡವಾಗದಿರಲಿ. ಫಾಲ್, ಪಿಕೋ, ಕುಚ್ಚು ಇಲ್ಲಿಯೇ ನನ್ನ ಖರ್ಚಿನಲ್ಲಿ ಆಗುತ್ತದೆ. 16ರ ಶನಿವಾರ ಸಂಜೆ ಮಗ್ಗದ ಫೋಟೊ ಕಳುಹಿಸುತ್ತೇನೆ. ಅಂದಿಗೂ ಹಾಸು ಮಗ್ಗಕ್ಕೆ ಏರದಿದ್ದರೆ ನಾನೇ ತಿಳಿಸಿ ಪೂರ್ತಿ ಹಣ ಮರಳಿಸುತ್ತೇನೆ, ಬೇರೆ ಕಡೆ ಕೊಳ್ಳಲು ನಿಮಗೆ ಎರಡು ವಾರ ಉಳಿದಿರುತ್ತದೆ. ಈಗಲೇ ಬೇಡವೆನಿಸಿದರೂ ತಿಳಿಸಿರಿ, 1,500 ರೂಪಾಯಿ ಇಂದೇ ಹಾಕುತ್ತೇನೆ. ನಿಮ್ಮ ದರ್ಜಿಗೆ ಖಣ ಯಾವ ದಿನದೊಳಗೆ ಬೇಕು ಎಂಬುದೊಂದನ್ನು ದಯವಿಟ್ಟು ತಿಳಿಸಿರಿ."

ಇದರಲ್ಲಿ ಕೆಲವನ್ನು ಬೇಕೆಂದೇ ಹಾಗೆ ಬರೆದಿದ್ದೆ. ನೇಕಾರರು 19 ಎಂದಿದ್ದರೂ ನಾನು 21 ಎಂದೆ, ಏಕೆಂದರೆ ಮೊದಲ ತಡವನ್ನು ಜನ ಒಪ್ಪುತ್ತಾರೆ, ಎರಡನೆಯದನ್ನು ಒಪ್ಪುವುದಿಲ್ಲ. "ಅನಿವಾರ್ಯ ಕಾರಣಗಳಿಂದ" ಎಂಬ ಮಾತನ್ನು ಬಳಸಲಿಲ್ಲ. ಅದು ಸುಳ್ಳಿನ ಮುಖವಾಡದಂತೆ ಕಾಣುತ್ತದೆ, ಹಾಸು ಒಣಗಿಲ್ಲ ಎಂಬುದನ್ನು ಮಾತ್ರ ಯಾರೂ ಸುಮ್ಮನೆ ಹುಟ್ಟಿಸುವುದಿಲ್ಲ. ಒದ್ದೆ ಹಾಸಿನ ಫೋಟೊ ಅಂದವಾಗಿರಲಿಲ್ಲ, ಹಳೆಯ ಸೀರೆಯ ಸೆರಗಿನದನ್ನು ಹಾಕಿದ್ದರೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಚೆಂದದ ಫೋಟೊ ಆ ಹೊತ್ತಿನಲ್ಲಿ ಅನುಮಾನವನ್ನೇ ಹೆಚ್ಚಿಸುತ್ತದೆ. ಬೆಲೆಯಲ್ಲಿ ಬಿಡುವ ಮಾತನ್ನೂ ಎತ್ತಲಿಲ್ಲ. ತಡಕ್ಕೆ 300 ರೂಪಾಯಿ ಕಡಿಮೆ ಎಂದೊಡನೆ ಮಾತು ದಿನಾಂಕದಿಂದ ಚೌಕಾಸಿಗೆ ಹೊರಳುತ್ತದೆ, ಸೀರೆಯಲ್ಲೇ ಏನೋ ಕೊರತೆಯಿದೆ ಎಂಬ ಶಂಕೆಯೂ ಬರುತ್ತದೆ. ಕುಚ್ಚು, ಫಾಲುಗಳಿಗೆ ನನಗೆ ಬಿದ್ದ ಖರ್ಚು ಕಡಿಮೆಯೇನಲ್ಲ, ಆದರೆ ಅದು ಅವರ ದಿನಗಳನ್ನು ಉಳಿಸುವ ಖರ್ಚು.

ಹಣ ಮರಳಿಸುವ ಮಾತನ್ನು ನಾವಾಗಿಯೇ ಎತ್ತುವುದು ಬೇಡವೆಂದು ನನ್ನ ಮನೆಯವರು ಹೇಳಿದ್ದರು. ಆದರೆ ಅದು ನನ್ನ ಔದಾರ್ಯದ ಪ್ರಶ್ನೆಯೇ ಆಗಿರಲಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕಿನ ಹಣವನ್ನು ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ಆಪತ್ತಿನಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. ಪ್ರತಿ ವರ್ಷ ಬರುವ ಶ್ರಾವಣದ ಮಳೆಯನ್ನು ಅಂಥ ಆಪತ್ತು ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಅದಲ್ಲದೆ, ಮುಂಗಡ ಸಿಕ್ಕಿಬಿದ್ದಿದೆ ಎಂದು ಭಾವಿಸಿದವರು ಇಂದೇ ಬಿಡಿಸಿಕೊಳ್ಳಲು ಅವಸರಿಸುತ್ತಾರೆ, ಬೇಕೆಂದಾಗ ಬರುತ್ತದೆ ಎಂದು ತಿಳಿದವರು 16ರವರೆಗೆ ಕಾಯಬಲ್ಲರು.

ಉತ್ತರ ರಾತ್ರಿ ಒಂಬತ್ತರ ಮೇಲೆ ಬಂತು. ಮೊದಲು ಒಂದು ಪ್ರಶ್ನೆ: 21 ಅನ್ನುವುದು ಖಾತ್ರಿಯೇ? ಖಾತ್ರಿ 16ರಂದು ಸಿಗುತ್ತದೆ, ಅದಕ್ಕೇ ಆ ದಿನವನ್ನು ಬರೆದಿದ್ದೇನೆ ಎಂದು ತಿಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಫೋನ್ ಮಾಡಿ, "ನಿಮ್ಮ ಮೆಸೇಜ್ ನಮ್ಮ ಬೀಗರಿಗೂ ಕಳಿಸೀನಿ ತಂಗಿ, ಖಣ ಮೊದಲ ಬರೂದಾದ್ರ ಆತು ಅಂದ್ರು. ಟೇಲರ್ 18ಕ್ಕ ಕೊಡ್ರಿ ಅಂದಾನ" ಎಂದರು. ಮರುದಿನ ಬೆಳಿಗ್ಗೆ ಖಣ ಅಂಚೆಗೆ ಹೋಯಿತು. 15 ಸ್ವಾತಂತ್ರ್ಯ ದಿನದ ರಜೆಯಾದ್ದರಿಂದ ಒಂದು ದಿನವೂ ತಡಮಾಡುವಂತಿರಲಿಲ್ಲ. 16ರ ಶನಿವಾರ ಅದು ಮೈಸೂರಿನಲ್ಲಿ ಮುಟ್ಟಿತು. 13ರಂದು ಬಿಸಿಲು ಬಿದ್ದಿದ್ದರಿಂದ ಅದೇ ಶನಿವಾರ ಸಂಜೆ ಮಗ್ಗದ ಮೇಲೆ ಒಡಲು ಒಂದು ಮೊಳದಷ್ಟು ಮೇಲೆದ್ದಿದ್ದ ಫೋಟೊವನ್ನು ಕಳುಹಿಸಿದೆ. ನಡುವಿನ ದಿನಗಳಲ್ಲಿ ನಾನು ಏನೂ ಬರೆಯಲಿಲ್ಲ, ಅವರೂ ಕೇಳಲಿಲ್ಲ. ದಿನವೂ "ಆಗುತ್ತಿದೆ, ಆಗುತ್ತಿದೆ" ಎಂದು ಬರೆಯುವವರಿದ್ದಾರೆ. ಅದರಿಂದ ಗ್ರಾಹಕರಿಗೆ ಮರೆತಿದ್ದ ಚಿಂತೆ ಮತ್ತೆ ನೆನಪಾಗುತ್ತದೆಯೇ ಹೊರತು ಬೇರೇನಿಲ್ಲ.

ಅದೇ ಮಳೆಗೆ ಸಿಕ್ಕ ಇನ್ನೊಂದು ಸೀರೆ ಬೆಳಗಾವಿಯ ಗ್ರಾಹಕರದಾಗಿತ್ತು. ಅವರಿಗೂ ಅಂದೇ ಬರೆದಿದ್ದೆ, ಆದರೆ ಇದನ್ನೇ ಹೆಸರು ಬದಲಿಸಿ ಕಳುಹಿಸಲಿಲ್ಲ, ಏಕೆಂದರೆ ಅವರ ಮನೆಯ ಕಾರ್ಯಕ್ರಮ 20ಕ್ಕೇ ಇತ್ತು, ಯಾವ ಲೆಕ್ಕ ಹಾಕಿದರೂ ಸೀರೆ ಮುಟ್ಟುವಂತಿರಲಿಲ್ಲ. ಆ ಬಣ್ಣದ ಪವರ್‌ಲೂಮ್ ಸೀರೆಯೊಂದು ಸಿದ್ಧವಿದೆ, ಆದರೆ ಅದು ಕೈಮಗ್ಗದ್ದಲ್ಲ, ಬೆಲೆಯೂ ಕಡಿಮೆ, ಇಲ್ಲವಾದರೆ ಹಣ ಮರಳಿಸುತ್ತೇನೆ ಎಂದು ಎರಡನ್ನೇ ಮುಂದಿಟ್ಟೆ. ಅವರು ಹಣವನ್ನೇ ಕೇಳಿದರು, ಅರ್ಧ ಗಂಟೆಯೊಳಗೆ ಹಾಕಿದೆ. ಇಂಥ ಆರ್ಡರ್ ಅನ್ನು ಮಾತಿನಿಂದ ಹಿಡಿದಿಡಲು ಬರುವುದಿಲ್ಲ, ಹಿಡಿದಿಡಲೂಬಾರದು.

ಮೈಸೂರಿನ ಸೀರೆ ನೇಕಾರರ ಕೈಯಿಂದ 19ರ ರಾತ್ರಿ ಬಂತು, 20ರಂದು ಫಾಲ್ ಮತ್ತು ಕುಚ್ಚು ಮುಗಿದವು. 21ರ ಬೆಳಿಗ್ಗೆ ಅಂಚೆಗೆ ಹಾಕಿ, ರಸೀದಿಯ ಫೋಟೊ ಮತ್ತು ನಂಬರನ್ನು ಕಳುಹಿಸಿ, ಉಳಿದ 2,700 ರೂಪಾಯಿಗಳನ್ನು ಸೀರೆ ನೋಡಿದ ಮೇಲೆ ಹಾಕಿದರೆ ಸಾಕೆಂದು ಬರೆದೆ. 25ರ ಸೋಮವಾರ ಮಧ್ಯಾಹ್ನ ಸೀರೆ ಮುಟ್ಟಿತು, ಸಂಜೆಯೊಳಗೆ ಹಣ ಬಂತು. ಈಗ ಆರ್ಡರ್ ಬರೆದುಕೊಳ್ಳುವ ಪುಸ್ತಕದಲ್ಲಿ ಕಾರ್ಯಕ್ರಮದ ದಿನದ ಪಕ್ಕದಲ್ಲಿ ದರ್ಜಿಗೆ ಕೊಡುವ ದಿನಕ್ಕೂ ಒಂದು ಗೆರೆ ಎಳೆದಿದ್ದೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸೀರೆಗಳಿಗೆ ಮಾತು ಕೊಡುವಾಗ ನೇಕಾರರು ಹೇಳಿದ ದಿನಕ್ಕೆ ಒಂದು ವಾರ ಸೇರಿಸಿಯೇ ಬರೆಯುತ್ತೇನೆ.