ಒಂಬತ್ತನೇ ದಿನದ ಸೂತ್ರ

ದಶಲಕ್ಷಣ ಪರ್ವದ ಹತ್ತು ದಿನ ಕಲಬುರಗಿಯ ನಮ್ಮ ಬಸದಿಯಲ್ಲಿ ತತ್ತ್ವಾರ್ಥಸೂತ್ರ ಓದುತ್ತಾರೆ. ದಿನಕ್ಕೊಂದು ಅಧ್ಯಾಯ, ಹತ್ತು ದಿನಕ್ಕೆ ಹತ್ತು. ಒಂಬತ್ತನೇ ಅಧ್ಯಾಯದಲ್ಲಿ ಎರಡೇ ಪದದ ಸೂತ್ರವೊಂದು ಬರುತ್ತದೆ: "ಏಕಾದಶ ಜಿನೇ". ಜಿನನಲ್ಲಿ ಹನ್ನೊಂದು, ಅಷ್ಟೇ. ಓದುವವರು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ಈ ವರ್ಷ ನನಗೆ ದಾಟಲು ಆಗಲಿಲ್ಲ. ಆ ದಿನ ನಿರ್ಜಲ ಉಪವಾಸ ಇತ್ತು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಪಕ್ಕದಲ್ಲಿ ಅಭಿಷೇಕದ ನೀರು ಕಲ್ಲಿನ ಮೇಲೆ ಇಳಿಯುವ ಸದ್ದು ಬಿಟ್ಟರೆ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಆ ಸೂತ್ರ ಬಂತು.

ಹನ್ನೊಂದು ಏನು ಅಂದರೆ ಪರೀಷಹಗಳು. ಮುನಿಯಾದವರು ಸಹಿಸಬೇಕಾದ 22 ಕಷ್ಟಗಳ ಪಟ್ಟಿ ಸ್ವಲ್ಪ ಹಿಂದೆಯೇ ಬಂದಿರುತ್ತದೆ. ಶುರುವಾಗುವುದೇ ಹಸಿವಿನಿಂದ, ಎರಡನೆಯದು ನೀರಡಿಕೆ. ಆಮೇಲೆ ಚಳಿ, ಬಿಸಿಲು, ಸೊಳ್ಳೆಕಡಿತ, ಬೆತ್ತಲೆ ಇರುವುದು, ಬೈಗುಳ, ರೋಗ, ಹೀಗೆ ಸಾಗುತ್ತದೆ. ಇವುಗಳಲ್ಲಿ ಹನ್ನೊಂದು ಜಿನನಿಗೂ ಉಂಟು ಎನ್ನುತ್ತದೆ ಸೂತ್ರ. ಆ ಹನ್ನೊಂದರಲ್ಲೂ ಮೊದಲು ಹಸಿವು, ನೀರಡಿಕೆಯೇ. ಹಾಗಾದರೆ ಎಲ್ಲವನ್ನೂ ತಿಳಿಯುವ ಕೇವಲಜ್ಞಾನ ಆದಮೇಲೂ ಮಹಾವೀರ ಸ್ವಾಮಿಗೆ ಹಸಿವು ಆಗುತ್ತಿತ್ತಾ? ಅದಾದಮೇಲೆ ಸ್ವಾಮಿ 30 ವರ್ಷ ಊರೂರು ವಿಹಾರ ಮಾಡಿದರು, ಅಷ್ಟೂ ವರ್ಷ ಉಂಡರಾ?

ದಿಗಂಬರ, ಶ್ವೇತಾಂಬರ ಅಂದರೆ ಬಟ್ಟೆಯ ಜಗಳ ಎಂದು ಜಾಸ್ತಿ ಜನ ತಿಳಿದಿದ್ದಾರೆ. ನಮ್ಮವರೇ ಹಾಗೆ ಹೇಳುತ್ತಾರೆ. ಅವರ ಸಾಧುಗಳು ಬಿಳಿ ಬಟ್ಟೆ ಉಡುತ್ತಾರೆ, ನಮ್ಮ ಮುನಿಗಳು ಉಡುವುದಿಲ್ಲ, ಮುಗೀತು. ಬಟ್ಟೆ ದೊಡ್ಡ ವಿಷಯವೇ, ಇಲ್ಲ ಅನ್ನುವುದಿಲ್ಲ. ಮೈಮೇಲಿನ ಒಂದು ನೂಲು ಕೂಡ ಪರಿಗ್ರಹ ಅನ್ನುವುದು ನಮ್ಮ ಮಾತು. ಮೋಹ ಬಿಟ್ಟವರಿಗೆ ಬಟ್ಟೆ ಬರೀ ಸಂಯಮದ ಸಾಧನ ಅನ್ನುವುದು ಅವರ ಮಾತು. ಆದರೆ ತೀರ್ಥಂಕರ ಅಂದರೆ ಯಾರು, ಅವರು ನಮ್ಮ ಹಾಗೆ ಎಷ್ಟು, ನಮ್ಮ ಹಾಗೆ ಅಲ್ಲ ಎಷ್ಟು, ಇದನ್ನು ಕೇಳಬೇಕಾದರೆ ಈ ಹಸಿವಿನ ಪ್ರಶ್ನೆಗೇ ಬರಬೇಕು.

ತತ್ತ್ವಾರ್ಥಸೂತ್ರ ಇಬ್ಬರೂ ಒಪ್ಪುವ ಗ್ರಂಥ. ನಮ್ಮ ಪಾಠದಲ್ಲಿ 357 ಸೂತ್ರ, ಅವರದರಲ್ಲಿ 344. ಬರೆದವರನ್ನು ನಾವು ಉಮಾಸ್ವಾಮಿ ಎನ್ನುತ್ತೇವೆ, ಅವರು ಉಮಾಸ್ವಾತಿ ಎನ್ನುತ್ತಾರೆ. ಈ ಸೂತ್ರ ಮಾತ್ರ ಎರಡರಲ್ಲೂ ಹೀಗೇ ಇದೆ. ಪದ ಒಂದೇ, ಅರ್ಥದಲ್ಲಿ ದಾರಿ ಎರಡು.

ಶ್ವೇತಾಂಬರರು ಇದ್ದದ್ದು ಇದ್ದಂತೆ ಓದುತ್ತಾರೆ. ಕೇವಲಜ್ಞಾನ ಆದಾಗ ಆತ್ಮದ ಗುಣಗಳನ್ನು ಕೆಡಿಸುವ ನಾಲ್ಕು ಘಾತಿ ಕರ್ಮಗಳು ಹೋಗುತ್ತವೆ. ಸುಖದುಃಖ ಉಣಿಸುವ ವೇದನೀಯ, ಆಯುಷ್ಯ ಮುಂತಾದ ನಾಲ್ಕು ಉಳಿದಿರುತ್ತವೆ, ಅವು ಹೋಗುವುದು ನಿರ್ವಾಣದಲ್ಲಿಯೇ. ವೇದನೀಯ ಇದ್ದಮೇಲೆ ಹಸಿವು ಇರಬೇಕಲ್ಲ? ದೇಹ ಇದ್ದಮೇಲೆ ಅನ್ನ ಬೇಕಲ್ಲ? ಆಸೆ ಇಲ್ಲದೆ ಉಣ್ಣುವುದು ಸಾಧ್ಯ, ಉಂಡರೆ ಸರ್ವಜ್ಞತೆಗೆ ಏನೂ ಕುಂದಿಲ್ಲ ಎನ್ನುತ್ತಾರೆ. ಅವರ ಭಗವತೀ ಸೂತ್ರದಲ್ಲಿ ಒಂದು ಕಥೆಯೂ ಇದೆ. ಎದುರಾಳಿ ಗುರು ಗೋಶಾಲ ಬಿಟ್ಟ ತೇಜೋಲೇಶ್ಯೆಯ, ಅಂದರೆ ಬೆಂಕಿಯಂಥ ತಪಶ್ಶಕ್ತಿಯ, ತಾಪದಿಂದ ಮಹಾವೀರ ಸ್ವಾಮಿಗೆ ಕಾಯಿಲೆ ಬಂತು. ರೇವತಿ ಎಂಬ ಶ್ರಾವಿಕೆಯ ಮನೆಯಿಂದ ಸಿಂಹ ಎಂಬ ಶಿಷ್ಯ ಆಹಾರ ತಂದುಕೊಟ್ಟ. ಅದನ್ನು ಸೇವಿಸಿದಮೇಲೆ ಸ್ವಾಮಿ ಗುಣವಾದರು.

ನಮ್ಮ ಕಡೆ ಈ ಕಥೆ ಇಲ್ಲ. ಸರ್ವಾರ್ಥಸಿದ್ಧಿ ಬರೆದ ನಮ್ಮ ಕನ್ನಡ ನಾಡಿನ ಪೂಜ್ಯಪಾದರು ಈ ಸೂತ್ರಕ್ಕೆ ಬೇರೆ ಉತ್ತರ ಕೊಡುತ್ತಾರೆ. ವೇದನೀಯ ಕರ್ಮ ಇದೆ ನಿಜ, ಆದರೆ ಮೋಹ ಹುಟ್ಟಿಸುವ ಮೋಹನೀಯದ ಬಲ ಇಲ್ಲದೆ ಅದು ನೋವು ಕೊಡಲಾರದು. ಆದ್ದರಿಂದ ಹನ್ನೊಂದು ಇವೆ ಅನ್ನುವುದು ಉಪಚಾರಕ್ಕೆ, ಹೆಸರಿಗೆ ಮಾತ್ರ. ಇಲ್ಲವಾದರೆ ಸೂತ್ರದ ಕೊನೆಗೆ "ಇಲ್ಲ" ಎನ್ನುವ ಪದ ಸೇರಿಸಿಕೊಂಡು ಓದಿ ಎನ್ನುತ್ತಾರೆ. ಮಂತ್ರದಿಂದ ಶಕ್ತಿ ಕಳೆದ ವಿಷ ಹೇಗೆ ಕೊಲ್ಲುವುದಿಲ್ಲವೋ ಹಾಗೆ, ಎಂದು ಆಮೇಲಿನ ವ್ಯಾಖ್ಯಾನಗಳು ಬಿಡಿಸಿ ಹೇಳುತ್ತವೆ. ಜಿನನ ದೇಹ ಪರಮೌದಾರಿಕ, ಅಂದರೆ ಪರಮ ಶುದ್ಧ, ಆಗುತ್ತದೆ, ಅದಕ್ಕೆ ತುತ್ತು ಅನ್ನ ಬೇಡ. ನಾನು ದಿಗಂಬರರ ಮನೆಯ ಮಗಳು, ನಂಬುವುದೂ ಇದನ್ನೇ. ಆದರೂ ಇಲ್ಲದ "ಇಲ್ಲ"ವನ್ನು ಸೇರಿಸಿ ಓದುವುದು ಸುಲಭದ ಮಾತಲ್ಲ ಅಂತ ಅನಿಸುತ್ತದೆ. ಅಷ್ಟು ದೊಡ್ಡ ಆಚಾರ್ಯರಿಗೂ ಎರಡು ಉತ್ತರ ಕೊಡಬೇಕಾಯಿತು ನೋಡಿ.

ನನ್ನ ಅಜ್ಜಿಗೆ ಈ ತರ್ಕ ಯಾವುದೂ ಗೊತ್ತಿರಲಿಲ್ಲ. ಬೀದರ್ ಕಡೆಯವಳು, ಕಮಠಾಣದ ಪಾರ್ಶ್ವನಾಥನ ಮೇಲೆ ಪ್ರಾಣ. ಓದು ಅಷ್ಟಕ್ಕಷ್ಟೆ. ಪೂಜೆಯ ಸಂಸ್ಕೃತ ಮಾತ್ರ ಬಾಯಿಪಾಠ. ನಾನು ಚಿಕ್ಕವಳಿದ್ದಾಗ ನೈವೇದ್ಯ ಏರಿಸುವ ಹೊತ್ತಿನಲ್ಲಿ ಕೇಳಿದ್ದೆ, "ಅಜ್ಜಿ, ದೇವ್ರು ಉಣ್ಣಂಗಿಲ್ಲಂತಿ, ಮತ್ತ ನೈವೇದ್ಯ ಯಾಕ?" ಅವಳು ಕೈ ನಿಲ್ಲಿಸದೆ ಹೇಳಿದಳು, "ಮಂತ್ರ ಕೇಳವ್ವಾ, ಅದ್ರಾಗ ಏನೈತಿ?" ಕೇಳಿದರೆ ಅದರಲ್ಲಿ ಇರುವುದು ಇಷ್ಟು: "ಕ್ಷುಧಾರೋಗ ವಿನಾಶನಾಯ ನೈವೇದ್ಯಂ ನಿರ್ವಪಾಮೀತಿ ಸ್ವಾಹಾ". ಹಸಿವೆಂಬ ರೋಗ ನಾಶವಾಗಲಿ ಎಂದು ಅರ್ಪಿಸುತ್ತೇನೆ. "ಆ ರೋಗ ಅವ್ರಿಗಿಲ್ಲ, ನಮಗದ. ಅವ್ರು ವಾಸಿ ಮಾಡ್ಕೊಂಡಾರ, ಅದಕ್ಕ ಅವ್ರ ಮುಂದ ಇಡ್ತೀವಿ." ಇಟ್ಟದ್ದನ್ನು ನಾವು ತಿರುಗಿ ತಿನ್ನುವುದಿಲ್ಲ, ಅದು ನಿರ್ಮಾಲ್ಯ. ತೀರ್ಥಂಕರರು ನಮಗೆ ಏನನ್ನೂ ಕೊಡುವುದಿಲ್ಲ, ನಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ವರ ಬೇಡುವವರು ಪದ್ಮಾವತಿಯ ಮುಂದೆ, ಕ್ಷೇತ್ರಪಾಲನ ಮುಂದೆ ಹೋಗುತ್ತಾರೆ. ಅಜ್ಜಿಯೂ ಹೋಗುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ಪಾರ್ಶ್ವನಾಥನ ಮುಂದೆ ನಿಂತಾಗ ಏನೂ ಬೇಡುತ್ತಿರಲಿಲ್ಲ.

ಒಮ್ಮೆ ಚಾತುರ್ಮಾಸಕ್ಕೆ ಮುನಿಗಳು ಬಂದಿದ್ದರು. ಆಹಾರದ ಸರದಿ ನಮ್ಮ ಮನೆಯದು. ಅಜ್ಜಿ ಬಾಗಿಲಲ್ಲಿ ನಿಂತು "ನಮೋಸ್ತು, ನಮೋಸ್ತು, ಅತ್ರ ತಿಷ್ಠ ತಿಷ್ಠ" ಎಂದು ಕರೆದಳು. ಮುನಿಗಳು ಒಳಗೆ ಬಂದರು. ನಿಂತುಕೊಂಡೇ, ಎರಡು ಅಂಗೈ ಜೋಡಿಸಿ, ಅದೇ ಪಾತ್ರೆ. ದಿನಕ್ಕೆ ಒಂದೇ ಸಲ, ನೀರೂ ಆಗಲೇ. ನಾಲ್ಕೈದು ತುತ್ತು ಆಗಿತ್ತೇನೋ, ಅನ್ನದಲ್ಲಿ ಒಂದು ಕೂದಲು ಕಂಡಿತು. ಮುನಿಗಳು ಏನೂ ಅನ್ನಲಿಲ್ಲ, ಕೈ ಬಿಟ್ಟರು. ಅಂತರಾಯ. ಮುಗಿಯಿತು, ಇನ್ನು ಮರುದಿನ ಬೆಳಿಗ್ಗೆವರೆಗೆ ಅನ್ನವೂ ಇಲ್ಲ, ಹನಿ ನೀರೂ ಇಲ್ಲ. ಅವರು ನವಿಲುಗರಿಯ ಪಿಂಛಿ, ಕಮಂಡಲು ತೆಗೆದುಕೊಂಡು ಹೊರಟಾಗ ಮುಖದಲ್ಲಿ ಬೇಸರದ ಗೆರೆ ಕೂಡ ಇರಲಿಲ್ಲ. ಮನೆಯಲ್ಲಿ ಮಾತ್ರ ಸಾವಿನ ಸೂತಕದಂತೆ ಆಯಿತು. ಅಡುಗೆ ಮಾಡಿದ ಚಿಕ್ಕಮ್ಮ ಅತ್ತಳು. ಅಜ್ಜಿ ಅವಳಿಗೆ ಒಂದು ಮಾತು ಬೈಯಲಿಲ್ಲ, ಆದರೆ ತಾನೂ ಆ ದಿನ ನೀರು ಮುಟ್ಟಲಿಲ್ಲ. ಸಂಜೆ ಒಣಗಿದ ತುಟಿಯಲ್ಲಿ ಜಪ ಮಾಡುತ್ತ ಕೂತಿದ್ದಳು. ಆ ತುಟಿಗಳು ಅಂಟಿ ಬಿಡುವ ಸಣ್ಣ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಹಸಿವು ಪರೀಷಹ ಅನ್ನುವುದನ್ನು ನಾನು ಕಲಿತದ್ದು ಅಲ್ಲಿ.

ನಮ್ಮ ಓಣಿಯ ಮಾರವಾಡಿ ಭಾಭಿ ಶ್ವೇತಾಂಬರರು. ಅವರ ಮನೆಗೆ ಸಾಧ್ವಿಯರು ಗೋಚರಿಗೆ, ಅಂದರೆ ಭಿಕ್ಷೆಗೆ, ಬರುತ್ತಾರೆ. ಕೈಯಲ್ಲಿ ಕಟ್ಟಿಗೆಯ ಪಾತ್ರೆ. ಒಂದೇ ಮನೆಯಲ್ಲಿ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಹಸು ಮೇಯುವಾಗ ಅಷ್ಟಷ್ಟೇ ಕಚ್ಚುತ್ತದಲ್ಲ, ಹಾಗೆ ನಾಲ್ಕು ಮನೆ. "ಧರ್ಮಲಾಭ" ಎಂದು ಹೇಳಿ, ತಮ್ಮ ಉಪಾಶ್ರಯಕ್ಕೆ ಒಯ್ದು ಉಣ್ಣುತ್ತಾರೆ. ಭಾಭಿಯ ಪರ್ಯುಷಣ ಎಂಟೇ ದಿನ. ಭಾದ್ರಪದ ಚೌತಿಗೆ ಅವರ ಸಂವತ್ಸರಿ. ಬೀದಿಯಲ್ಲಿ ಗಣಪತಿಯ ಡೋಲು ಬಾರಿಸುತ್ತಿರುವಾಗ ಅವರು ಬಂದು "ಮಿಚ್ಛಾಮಿ ದುಕ್ಕಡಂ" ಎಂದು ಕ್ಷಮೆ ಕೇಳಿ ಕೈ ಮುಗಿಯುತ್ತಾರೆ. ಮರುದಿನ ಉಪವಾಸ ಬಿಡುವ ಅವರ ಪಾರಣೆ, ನಮ್ಮ ದಶಲಕ್ಷಣದ ಮೊದಲ ದಿನ. ಒಂದು ವರ್ಷ ಅವರು ಅಠಾಯಿ ಮಾಡಿದ್ದರು, ಎಂಟು ದಿನವೂ ಕಾಯಿಸಿ ಆರಿಸಿದ ನೀರು ಬಿಟ್ಟು ಏನೂ ಇಲ್ಲ, ಅದೂ ಹಗಲಿನಲ್ಲಿ ಮಾತ್ರ. ಅಜ್ಜಿ ಅವರ ಕೈ ಹಿಡಿದು "ನಿಮ್ಮ ಮಹಾವೀರ ಉಣ್ತಾನಂತ, ನೀವು ಮಾತ್ರ ಉಣ್ಣಂಗಿಲ್ಲ" ಎಂದು ನಕ್ಕಿದ್ದಳು. ಭಾಭಿಯೂ ನಕ್ಕರು. ನಮ್ಮಲ್ಲಿ ಯಾವ ಪಂಡಿತರೂ ಇಷ್ಟು ಹಗುರವಾಗಿ ಈ ವಾದ ಮಾಡಿದ್ದನ್ನು ನಾನು ನೋಡಿಲ್ಲ.

ಪರ್ವ ಮುಗಿದಮೇಲೆ ಮಳಖೇಡಕ್ಕೆ ಹೋಗಿ ನೇಮಿನಾಥ ಬಸದಿಯಲ್ಲಿ ಕೂತಿದ್ದೆ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ ಎಂದು ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ಆದರೆ ಇದೇ ಹಸಿವಿನ ವಾದಕ್ಕೂ ಈ ಊರಿಗೂ ನಂಟಿದೆ ಎಂದು ಯಾರೂ ಹೇಳುವುದಿಲ್ಲ. 9ನೇ ಶತಮಾನದ ಅಮೋಘವರ್ಷನ ಕಾಲದಲ್ಲಿ ಶಾಕಟಾಯನ ಎಂಬ ವೈಯಾಕರಣಿ ಇದ್ದರು. ತಮ್ಮ ವ್ಯಾಕರಣದ ವೃತ್ತಿಗೆ ರಾಜನ ಹೆಸರಿನಲ್ಲೇ ಅಮೋಘವೃತ್ತಿ ಎಂದು ಹೆಸರಿಟ್ಟರು. ಅವರು ದಿಗಂಬರರೂ ಅಲ್ಲ, ಶ್ವೇತಾಂಬರರೂ ಅಲ್ಲ. ಯಾಪನೀಯರು. ಕರ್ನಾಟಕದಲ್ಲಿ ಬಾಳಿ, ಆಮೇಲೆ ಹೆಸರೂ ಉಳಿಯದಂತೆ ಕರಗಿಹೋದ ಮೂರನೇ ಸಂಘ. ಅವರ ಮುನಿಗಳು ನಮ್ಮವರಂತೆ ಬೆತ್ತಲೆ, ಕೈಯಲ್ಲೇ ಊಟ. ಆದರೆ ಕೇವಲಜ್ಞಾನ ಪಡೆದ ಕೇವಲಿಗೆ ಆಹಾರ ಉಂಟು, ಹೆಣ್ಣಿಗೆ ಆ ಜನ್ಮದಲ್ಲೇ ಮೋಕ್ಷ ಉಂಟು ಎಂದು ಶ್ವೇತಾಂಬರರಂತೆ ನಂಬುತ್ತಿದ್ದರು. ಶಾಕಟಾಯನರು ಇವೆರಡಕ್ಕೂ ಒಂದೊಂದು ಪ್ರಕರಣ ಬರೆದರು, ಸ್ತ್ರೀನಿರ್ವಾಣ ಒಂದು, ಕೇವಲಿಭುಕ್ತಿ ಇನ್ನೊಂದು. ಅದೇ ಅಮೋಘವರ್ಷ ಗುರು ಎಂದು ಗೌರವಿಸಿದ್ದು ಆದಿಪುರಾಣದ ಜಿನಸೇನರನ್ನು, ಅವರು ದಿಗಂಬರರು. ಒಬ್ಬನೇ ರಾಜನ ಕಾಲದಲ್ಲಿ ಎರಡೂ ಮಾತು ನಡೆಯುತ್ತಿದ್ದವು, ಯಾರೂ ಯಾರ ಬಾಯಿ ಮುಚ್ಚಿಸಲಿಲ್ಲ.

ಸ್ತ್ರೀನಿರ್ವಾಣದ ವಿಷಯ ಬಂದಾಗ ನನ್ನ ಮನಸ್ಸು ಸ್ವಲ್ಪ ಶಾಕಟಾಯನರ ಕಡೆಗೆ ವಾಲುತ್ತದೆ. 19ನೇ ತೀರ್ಥಂಕರ ಮಲ್ಲಿಯನ್ನು ಶ್ವೇತಾಂಬರರು ಹೆಣ್ಣು ಎನ್ನುತ್ತಾರೆ, ನಾವು ಮಲ್ಲಿನಾಥ ಎಂದು ಪೂಜಿಸುತ್ತೇವೆ. ಅಜ್ಜಿಯ ಒಣಗಿದ ತುಟಿ ನೆನೆಸಿಕೊಂಡರೆ, ಇವಳು ಇನ್ನೊಂದು ಜನ್ಮ ಗಂಡಾಗಿ ಹುಟ್ಟಿ ಬರಬೇಕು ಅನ್ನುವುದನ್ನು ಗಂಟಲು ಒಪ್ಪುವುದಿಲ್ಲ. ಇದನ್ನು ಬಸದಿಯಲ್ಲಿ ಹೇಳಿದರೆ ಹಿರಿಯರು ಗದರುತ್ತಾರೆ, ಇಲ್ಲಿ ಹೇಳಿಬಿಟ್ಟೆ.

ನನ್ನ ಬೇಸರ ಇರುವುದು ಇನ್ನೊಂದಕ್ಕೆ. ಈಗ ಒಂಬತ್ತನೇ ಅಧ್ಯಾಯ ಗಡಿಬಿಡಿಯಲ್ಲಿ ಮುಗಿಯುತ್ತದೆ. ಒಬ್ಬರು ಓದುತ್ತಾರೆ, ಉಳಿದವರು ಮೊಬೈಲು ನೋಡುತ್ತಾರೆ, ಆಮೇಲೆ ಅಭಿಷೇಕ, ಪೂಜೆಯ ಹಕ್ಕಿಗೆ ಕೂಗುವ ಸವಾಲಿನ ಹರಾಜಿಗೆ ಎಲ್ಲರೂ ಎಚ್ಚರ. ಎಲ್ಲರ ಕ್ಷಮೆ ಕೇಳುವ ಕ್ಷಮಾವಣಿಯ ದಿನ ಒಂದೇ ಫಾರ್ವರ್ಡ್ ಇನ್ನೂರು ಜನಕ್ಕೆ ಹೋಗುತ್ತದೆ, ಜಗಳವಾಡಿದ ಅಣ್ಣನ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ. ಉಪವಾಸ ಮಾಡುವ ಹುಡುಗರು ಇದ್ದಾರೆ, ನಿಜವಾಗಿಯೂ ಕಠಿಣವಾಗಿ ಮಾಡುತ್ತಾರೆ. ಆದರೆ ಹಸಿವು ಯಾವ ಕರ್ಮದ್ದು, ಜಿನನಿಗೆ ಅದು ಯಾಕೆ ಇಲ್ಲ ಎಂದು ಕೇಳಿದರೆ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿಲ್ಲ.

ಬರುವ ಭಾದ್ರಪದದಲ್ಲಿ ಒಂಬತ್ತನೇ ದಿನ ಸೂತ್ರದ ಜೊತೆ ಪೂಜ್ಯಪಾದರ ವ್ಯಾಖ್ಯಾನವನ್ನೂ ಕನ್ನಡದಲ್ಲಿ ಓದೋಣ, ಒಂದು ತಾಸು ಆದರೂ ಆಗಲಿ ಎಂದು ಬಸದಿಯ ಹಿರಿಯರನ್ನು ಕೇಳಿದ್ದೇನೆ. ನೋಡೋಣ ಎಂದಿದ್ದಾರೆ. ಭಾಭಿಗೂ ಬರಲು ಹೇಳಿದ್ದೇನೆ, ರೇವತಿಯ ಕಥೆಯನ್ನು ಅವರೇ ಹೇಳಲಿ. ಅವರ ಪಾರಣೆ ಅಷ್ಟರಲ್ಲಿ ಮುಗಿದಿರುತ್ತದೆ, ಹೊಟ್ಟೆ ತುಂಬಿದವರು ನಿಧಾನವಾಗಿ ಹೇಳಬಹುದು.