ಅಜ್ಜ ಸುಮ್ನಿದ್ದಾಗ ಬಂದ ಮಾತು

ವಿಜಯಪುರದ ಹತ್ತಿರ ನಮ್ಮ ಹೊಲದಲ್ಲಿ ಅಜ್ಜ ಬಿಳಿಜೋಳದ ಬಗ್ಗೆ ಮಾತಾಡಿದ ಹಳೇ ವಿಡಿಯೋ ಇತ್ತು. ಮಾತನ್ನು ಬರಹ ಮಾಡುವ ಸಾಫ್ಟ್‌ವೇರ್‌ಗೆ ನಿನ್ನೆ ಹಾಕಿದೆ. ನಡುವೆ ಅಜ್ಜ ಎಲೆ ಅಡಿಕೆ ಹಾಕಿಕೊಂಡು ಸುಮ್ನಾಗಿದ್ದರು. ಬರೀ ಗಾಳಿ ಸದ್ದು. ಅಲ್ಲಿ ಹೀಗೆ ಬಂತು:

```
00:04:00,000 --> 00:04:30,000
ಧನ್ಯವಾದಗಳು. ಧನ್ಯವಾದಗಳು.
```

ಅಜ್ಜ ಜನ್ಮದಲ್ಲಿ ಆ ಪದ ಆಡಿದವರಲ್ಲ!

ಈ ಸಾಫ್ಟ್‌ವೇರ್‌ನ ಒಳಗಿರುವ ಮಾದರಿ, ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ಯಾವ ಕ್ಷಣ ಯಾವ ಸ್ವರ ಎಷ್ಟು ಜೋರು ಅನ್ನುವ ಚಿತ್ರ ಮಾಡಿಕೊಳ್ಳುತ್ತದೆ. ಆ ಚಿತ್ರವನ್ನೂ ತಾನೇ ಈಗಾಗಲೇ ಬರೆದ ಪದಗಳನ್ನೂ ನೋಡಿ ಮುಂದಿನ ಪದ ಊಹಿಸುತ್ತದೆ. ಸಮಯದ ಗುರುತನ್ನೂ ಹಾಗೇ, ಒಂದು ಪದದಂತೆ ಊಹಿಸಿ ಬರೆಯುತ್ತದೆ. ಮಾತೇ ಇಲ್ಲದಿದ್ದರೂ ಊಹೆ ಕೆಲವು ಸಲ ನಿಲ್ಲುವುದಿಲ್ಲ. ಕಲಿಯುವಾಗ ಜಾಸ್ತಿ ಕಂಡ ಸಾಲು ತಂದು ತುಂಬುತ್ತದೆ. ಎರಡೇ ಪದಕ್ಕೆ ಸರಿಯಾಗಿ 30 ಸೆಕೆಂಡು ಅಂದರೆ ಅನುಮಾನ ಪಡಬೇಕು, ಅಲ್ವಾ?

ಮಾತಿರುವ ಭಾಗವನ್ನಷ್ಟೇ ಮೊದಲು ಆರಿಸುವ ಆಯ್ಕೆ ಇತ್ತು. ಅದನ್ನು ಹಾಕಿ ಮತ್ತೆ ಓಡಿಸಿದೆ. ಧನ್ಯವಾದ ಹೋಯ್ತು.

ಆದರೆ ಅಜ್ಜ ಅಂದದ್ದು "ಹಿಂಗಾರ್ಯಾಗ ಬಿತ್ತೀವಿ". ಬರಹದಲ್ಲಿ "ಹಿಂಗಾರಿಗೆ ಬಿದ್ದೀವಿ" ಅಂತ ಉಳಿದೇ ಇದೆ. ಸಮಯ ಸರಿ, ವ್ಯಾಕರಣ ಸರಿ, ಓದಿದರೆ ಅನುಮಾನವೇ ಬರೋದಿಲ್ಲ. ನಮ್ಮ ಕಡೆ ಮಾತನ್ನು ಆ ಮಾದರಿ ಜಾಸ್ತಿ ಕೇಳಿರಲಿಕ್ಕಿಲ್ಲ. ಈಗ ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಸಾಲು ತಿದ್ದುತ್ತಾ ಕೂತಿದ್ದೇನೆ.