ಮುಖ ಬೇಡ, ಕೈ ಮತ್ತು ದನಿ ಸಾಕು

ಚಿಕ್ಕಮಗಳೂರಲ್ಲಿ ಕಾಫಿಪುಡಿ ಮಾಡಿ ಆನ್‌ಲೈನಲ್ಲಿ ಮಾರೋರಿಗೆ ವಿಡಿಯೋ ಮಾಡೋಕೆ ಕ್ಯಾಮೆರಾ ಅಂದ್ರೆ ಮುಜುಗರ ಇದ್ರೆ, ಮೊದಲು ಬರೀ ದನಿ ರೆಕಾರ್ಡ್ ಮಾಡಿ. ಬರೆದಿಟ್ಟು ಓದಿದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತೆ. ಮನೆಯವರೊಬ್ಬರು ಎದುರು ಕೂತು, "80:20 ಯಾಕ್ರೀ, ಚಿಕೋರಿ ಇಲ್ಲದೆ ಆಗಲ್ವಾ?" ಅಂತ ಗಿರಾಕಿ ಥರ ಕೇಳಲಿ. ಫೋನು ಬಾಯಿಂದ ಗೇಣು ದೂರ ಇರಲಿ, ಫ್ಯಾನು, ಗ್ರೈಂಡರು ಎರಡೂ ಬಂದ್.

ಉತ್ತರದಲ್ಲಿ ಚೆನ್ನಾಗಿರೋ 30 ಸೆಕೆಂಡು ಉಳಿಸಿಕೊಂಡು, ಆಮೇಲೆ ಆ ಮಾತಿಗೆ ತಕ್ಕ ಹಾಗೆ ಕೈ ಶೂಟ್ ಮಾಡಿ. "ಚಿಕೋರಿಯಿಂದ ಡಿಕಾಕ್ಷನ್ ಬಣ್ಣ ಗಾಢವಾಗುತ್ತೆ" ಅನ್ನುವಾಗ ಫಿಲ್ಟರಿನ ಕೆಳಗಿನ ಪಾತ್ರೆಯೇ ಕಾಣಬೇಕು, ತೋಟದ ಡ್ರೋನ್ ಶಾಟ್ ಅಲ್ಲ. ಕಿಟಕಿ ಬೆಳಕು ಪಕ್ಕದಿಂದ ಬರಲಿ; ಹಿಂದಿನಿಂದ ಬಿದ್ದರೆ ಪುಡಿಯೆಲ್ಲ ಕಪ್ಪು ಮುದ್ದೆ.

ದನಿ ಮಾತ್ರ ಬಾಡಿಗೆಗೆ ತರಬೇಡಿ. ಮುಖವೂ ಇಲ್ಲ, ದನಿಯೂ ನಿಮ್ಮದಲ್ಲ ಅಂದ್ರೆ ಅದು ಬರೀ ಜಾಹೀರಾತು.